ಕಪ್ಪು ಪಟ್ಟಿಯೋ, ಹೊಸದಾಗಿ ಟೈಪ್ ಮಾಡುವುದೋ?

ಪಾಠದ ಸ್ಲೈಡಿಗೆ ರೋಗಿಯ ಕೇಸ್ ನೋಟ್ಸ್ ಹಾಕಬೇಕು. ಸ್ಕ್ರೀನ್‌ಶಾಟ್ ತೆಗೆದು ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆಯಬಹುದು, ಇಲ್ಲವೇ ಬೇಕಾದಷ್ಟನ್ನೇ ಹೊಸದಾಗಿ ಟೈಪ್ ಮಾಡಬಹುದು.

ಪಟ್ಟಿ ಎಳೆಯುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಪವರ್‌ಪಾಯಿಂಟ್‌ನಲ್ಲಿ ಅದು ಚಿತ್ರದ ಮೇಲೆ ಸುಮ್ನೆ ಕೂತ ಇನ್ನೊಂದು ಆಕಾರ. ಫೈಲ್ ಸಿಕ್ಕವರು ಅದನ್ನು ಪಕ್ಕಕ್ಕೆ ಸರಿಸಿದರೆ ಹೆಸರು ಕಾಣುತ್ತದೆ. ಕ್ರಾಪ್ ಮಾಡಿದರೂ ಕತ್ತರಿಸಿದ ಭಾಗ ಸಾಮಾನ್ಯವಾಗಿ ಫೈಲಿನೊಳಗೇ ಉಳಿಯುತ್ತದೆ. Compress Pictures ಒಳಗಿನ Delete cropped areas of pictures ಆರಿಸಿ ಅದನ್ನು ತೆಗೆಯಬೇಕು.

ನನ್ನ ಮತ ಟೈಪ್ ಮಾಡುವುದಕ್ಕೆ. ನೋಟ್ಸಿನಲ್ಲಿ ಹೀಗಿದೆ ಎನ್ನಿ: 47 ವರ್ಷದ ಬಸ್ ಚಾಲಕ, ಮಾರ್ಚ್ 3ಕ್ಕೆ ದಾಖಲು, 5ಕ್ಕೆ ಆಂಟಿಬಯಾಟಿಕ್ ಶುರು, 12ಕ್ಕೆ ಮೈಮೇಲೆ ದದ್ದು. ಸ್ಲೈಡಿನಲ್ಲಿ ಹೀಗೆ ಬರೆಯಿರಿ: 40 ದಾಟಿದ ಗಂಡಸು, 1ನೇ ದಿನ ದಾಖಲು, 3ನೇ ದಿನ ಔಷಧಿ, 10ನೇ ದಿನ ದದ್ದು. ಔಷಧಿಗೂ ದದ್ದಿಗೂ ನಡುವಿನ 7 ದಿನವೇ ಇಲ್ಲಿ ಪಾಠ, ಅದು ಹಾಗೇ ಉಳಿಯಿತು. ಕಪ್ಪು ಪಟ್ಟಿಯಲ್ಲಿ ತಾರೀಖು ಮುಚ್ಚಿದರೆ ಅದೂ ಹೋಗುತ್ತಿತ್ತು, ಅಲ್ವಾ? ಕೆಲಸದ ವಿವರ ಈ ಪಾಠಕ್ಕೆ ಬೇಡ, ಬಿಟ್ಟೆವು.

ಟೈಪ್ ಮಾಡುವಾಗ ಡೋಸ್ ತಪ್ಪಬಹುದು. ಮೂಲದ ಜೊತೆ ಒಮ್ಮೆ ತಾಳೆ ನೋಡಿ.

ಇಸಿಜಿ, ಎಕ್ಸ್‌ರೇಗಳಿಗೆ ಮಾತ್ರ ಚಿತ್ರವೇ ಬೇಕು. ಮೂಲೆಯ ಹೆಸರು, ನಂಬರನ್ನು ಇಮೇಜ್ ಎಡಿಟರ್‌ನಲ್ಲಿ ಅಳಿಸಿ, ಒಂದೇ ಪದರದ PNG ಆಗಿ ಉಳಿಸಿ, ಆಮೇಲೆ ಸ್ಲೈಡಿಗೆ ಹಾಕಿ. ತೀರಾ ಅಪರೂಪದ ಕಾಯಿಲೆಯಾದರೆ ಕಥೆಯೇ ಗುರುತು ಹೇಳಿಬಿಡುತ್ತದೆ. ಆಗ ಎರಡೂ ದಾರಿ ಸಾಲದು, ರೋಗಿಯ ಒಪ್ಪಿಗೆ ಕೇಳಿ.