ಸೆನ್ಸೇಟ್ ಫೋಕಸ್: ಸರದಿಯಲ್ಲಿ ಮುಟ್ಟುವುದೋ, ಇಬ್ಬರೂ ಒಟ್ಟಿಗೋ?

ಸೆನ್ಸೇಟ್ ಫೋಕಸ್ ಅಂದರೆ ಲೈಂಗಿಕ ಆತಂಕ ತಗ್ಗಿಸಲು ಜೋಡಿಗಳು ಯಾವ ಗುರಿಯೂ ಇಲ್ಲದೆ ಒಬ್ಬರನ್ನೊಬ್ಬರು ಮುಟ್ಟುವ ಅಭ್ಯಾಸ. ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಇದನ್ನು ಸರದಿಯಂತೆ ಮಾಡಬಹುದು, ಇಬ್ಬರೂ ಒಟ್ಟಿಗೆ ಮುಟ್ಟುತ್ತಲೂ ಮಾಡಬಹುದು. ಶುರುವಿಗೆ ಸರದಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಿಮಿರುವಿಕೆ ಕೈಕೊಡುತ್ತದೆ ಅಂತ ಗಂಡ ಹೆದರಿದ್ದಾನೆ ಅಂದುಕೊಳ್ಳಿ. ಸರದಿಯಲ್ಲಾದರೆ ಹೆಂಡತಿ ಹದಿನೈದು ನಿಮಿಷ ಅವನ ಬೆನ್ನು, ತೋಳು, ಮುಖ ಮುಟ್ಟುತ್ತಾಳೆ. ಆಮೇಲೆ ಅವನ ಸರದಿ. ಮೊದಲ ಹಂತದಲ್ಲಿ ಸ್ತನ, ಜನನಾಂಗ ಮುಟ್ಟುವಂತಿಲ್ಲ, ಸಂಭೋಗವೂ ಇಲ್ಲ. ಮುಟ್ಟುವವರು ಎದುರಿನವರನ್ನು ಖುಷಿಪಡಿಸಲು ಹೋಗಬಾರದು. ಚರ್ಮದ ಬಿಸಿ, ನುಣುಪು, ಒತ್ತಡ ತಮ್ಮ ಕೈಗೆ ಹೇಗಿದೆ ಅಂತ ಗಮನಿಸಿದರೆ ಸಾಕು. ಹಿತವಾಗದಿದ್ದರೆ ಮಲಗಿದವರು ಕೈಯನ್ನು ಮೆಲ್ಲಗೆ ಸರಿಸುತ್ತಾರೆ. ನಿಮಿರಿದರೂ ಸರಿ, ಇಲ್ಲದಿದ್ದರೂ ಸರಿ. ಅದರಿಂದ ಏನೂ ಆಗಬೇಕಿಲ್ಲ ಅಲ್ವಾ?

ಒಟ್ಟಿಗೆ ಮುಟ್ಟುವುದು ಸಹಜ ಅನ್ನಿಸುತ್ತದೆ. ಆದರೆ ಗಮನ ಹಂಚಿಹೋಗುತ್ತದೆ, ಹಳೆಯ ಅಭ್ಯಾಸ ಬೇಗ ಸಂಭೋಗದ ಕಡೆ ಎಳೆಯುತ್ತದೆ. 'ಈಗ ಆಗ್ತಿದೆಯಾ?' ಅಂತ ಮನಸ್ಸು ಪದೇ ಪದೇ ನೋಡತೊಡಗಿದರೆ ಸರದಿಗೆ ಮರಳಿ. ಮುಂದಿನ ಹಂತದಲ್ಲಿ, ಸರದಿಯಲ್ಲಿ ಜನನಾಂಗವನ್ನೂ ಸೇರಿಸಿಕೊಂಡ ಮೇಲೂ ಈ ತಪಾಸಣೆ ಕಾಡದಿದ್ದರೆ ಒಟ್ಟಿಗೆ ಮಾಡಿ ನೋಡಿ.

ನೋವಿದ್ದರೆ ಅಥವಾ ಬೆಳಗಿನ ನಿಮಿರುವಿಕೆಯೂ ನಿಂತಿದ್ದರೆ ಮೊದಲು ವೈದ್ಯರನ್ನು ಕಾಣಿ. ಹಿಂದಿನ ದೌರ್ಜನ್ಯದ ನೆನಪು ಕಾಡುತ್ತಿದ್ದರೆ ಇದನ್ನು ಲೈಂಗಿಕ ಚಿಕಿತ್ಸಕರ ಜೊತೆಗೇ ಮಾಡಿ.