ವೆಂಡರ್ ಕಳಿಸಿದ ‘ರಿಕವರಿ ಶೆಡ್ಯೂಲ್’ ನಂಬಿ ದುಡ್ಡು ಬಿಡಬೇಡಿ, ನಮಗೆ ಆಗಿದ್ದು ನಿಮಗೆ ಆಗದಿರಲಿ

ಫ್ಯಾಕ್ಟರಿ ಶೆಡ್ ಕಟ್ಟಿಸುತ್ತಿರುವವರು, ಸ್ಟೀಲ್ ಭಾಗಗಳನ್ನು ವೆಂಡರ್ ಫ್ಯಾಕ್ಟರಿಯಲ್ಲಿ ಮಾಡಿ ಸೈಟಿನಲ್ಲಿ ಜೋಡಿಸುವ ಪಿಇಬಿ ಶೆಡ್‌ಗೆ ಆರ್ಡರ್ ಕೊಡಲು ಹೊರಟಿರುವವರು ದಯವಿಟ್ಟು ಪೂರ್ತಿ ಓದಿ. ವೆಂಡರ್ ಹೆಸರು ಬರೆಯುವುದಿಲ್ಲ, ಜಗಳ ಇನ್ನೂ ಮುಗಿದಿಲ್ಲ. ಆದರೆ ಇವರು ನಮಗೆ ಮಾಡಿದ್ದನ್ನು ಇನ್ನೊಬ್ಬರಿಗೂ ಮಾಡುತ್ತಾರೆ. ಅದು ಖಂಡಿತ.

ನಮ್ಮದು ತುಮಕೂರಿನ ವಸಂತನರಸಾಪುರದಲ್ಲಿ ಒಂದು ಶೆಡ್. 96 ಮೀಟರ್ ಉದ್ದ, 40 ಮೀಟರ್ ಅಗಲ, ಮಧ್ಯೆ ಎಲ್ಲೂ ಕಂಬ ಇಲ್ಲ. 13 ಫ್ರೇಮ್‌ಗಳು. ಒಟ್ಟು ಸುಮಾರು 120 ಟನ್ ಸ್ಟೀಲ್, ಅದರಲ್ಲಿ ಕಾಲಮ್ ಮತ್ತು ಅದರ ಮೇಲೆ ಛಾವಣಿ ಹೊರುವ ರಾಫ್ಟರ್ ಸೇರಿ ಮೇನ್ ಫ್ರೇಮ್ 80 ಟನ್. ಜನವರಿ ಮೊದಲ ವಾರ ಫ್ಯಾಬ್ರಿಕೇಶನ್ ಶುರು ಮಾಡಿ ಫೆಬ್ರವರಿ 28ಕ್ಕೆ ಮೇನ್ ಫ್ರೇಮ್ ಪೂರ್ತಿ ಸೈಟಿಗೆ ಬರಬೇಕು. ಆಮೇಲೆ ಫ್ರೇಮ್ ನಿಲ್ಲಿಸುವ ಎರೆಕ್ಷನ್ 40 ದಿನ, 30 ದಿನ ಶೀಟಿಂಗ್, ಮೇ ಮಧ್ಯದಲ್ಲಿ ಶೆಡ್ ನಮ್ಮ ಕೈಗೆ. ಮಳೆ ಹಿಡಿಯುವ ಮೊದಲು ಮೇಲೆ ಶೀಟ್ ಬಿದ್ದಿರಬೇಕು, ಒಳಗೆ ಮಷೀನ್ ಫೌಂಡೇಶನ್ ಹಾಕಬೇಕು. ಎಲ್ಲಾ ಲೆಕ್ಕ ಇದರ ಮೇಲೆ ನಿಂತಿತ್ತು.

ಫೆಬ್ರವರಿ 28 ಬಂತು. ಒಂದು ಕಾಲಮ್ ಕೂಡ ಬರಲಿಲ್ಲ. ನಮ್ಮ ಸಿವಿಲ್ ಕಂಟ್ರಾಕ್ಟರ್ ಪೆಡೆಸ್ಟಲ್ ಎಲ್ಲಾ ಹಾಕಿ, ಟೆಂಪ್ಲೇಟ್ ಇಟ್ಟು ಆಂಕರ್ ಬೋಲ್ಟ್ ಕೂರಿಸಿ, ದಾರ ಹಾಳಾಗದ ಹಾಗೆ ಗ್ರೀಸ್ ಹಚ್ಚಿ ಗೋಣಿಚೀಲ ಕಟ್ಟಿ ಕಾಯುತ್ತಿದ್ದ. ಫೋನ್ ಮಾಡಿದರೆ ವೆಂಡರ್ ಕಡೆಯ ಕೋಆರ್ಡಿನೇಟರ್ ಹೇಳಿದ್ದು ಒಂದೇ ಮಾತು: “60 ಪರ್ಸೆಂಟ್ ಮುಗಿದಿದೆ ಸರ್, ಪೇಂಟ್ ಒಣಗ್ತಾ ಇದೆ.” ಪೇಂಟ್ ಒಣಗುತ್ತಿದೆಯಂತೆ. ಈ ಮಾತು ನೆನಪಾದರೆ ಈಗಲೂ ರಕ್ತ ಕುದಿಯುತ್ತದೆ.

ಮಾರ್ಚ್ ಮೊದಲ ವಾರ ಪತ್ರ ಬರೆದೆ. ಪತ್ರದ ತಿರುಳು ಇಷ್ಟು:

“ಪರ್ಚೇಸ್ ಆರ್ಡರ್ ಪ್ರಕಾರ ಫೆಬ್ರವರಿ 28ಕ್ಕೆ ಬರಬೇಕಿದ್ದ ಮೇನ್ ಫ್ರೇಮ್ ಬಂದಿಲ್ಲ. ಈ ಮೈಲಿಗಲ್ಲು ತಪ್ಪಿದೆ. ಶೆಡ್ ಹಸ್ತಾಂತರದ ಮೂಲ ದಿನಾಂಕ ಬದಲಾಗಿಲ್ಲ. ಕಳೆದುಹೋದ ದಿನಗಳನ್ನು ಎಲ್ಲಿ, ಹೇಗೆ ತುಂಬಿಕೊಳ್ಳುತ್ತೀರಿ ಎಂಬ ರಿಕವರಿ ಶೆಡ್ಯೂಲನ್ನು ಏಳು ದಿನದೊಳಗೆ ಕೊಡಿ. ಈ ಶೆಡ್ಯೂಲ್ ಕೇಳುವುದು ಗಡುವು ವಿಸ್ತರಣೆ ಅಲ್ಲ. ತಡಕ್ಕೆ ಆರ್ಡರಿನಲ್ಲಿ ಹೇಳಿರುವ ಎಲ್‌ಡಿ ವಸೂಲು ಮಾಡುವ ನಮ್ಮ ಹಕ್ಕು ಹಾಗೇ ಇರುತ್ತದೆ.”

ಎಲ್‌ಡಿ ಅಂದರೆ ತಡ ಮಾಡಿದ್ದಕ್ಕೆ ವೆಂಡರ್ ಕೊಡಬೇಕು ಅಂತ ಆರ್ಡರಿನಲ್ಲೇ ಬರೆದಿರುವ ಪರಿಹಾರದ ಹಣ. ಕೊನೆಯ ಎರಡು ವಾಕ್ಯ ನೆನಪಿಡಿ. ಅದರ ಕಥೆ ಮುಂದೆ ಬರುತ್ತದೆ.

ಏಳು ದಿನದೊಳಗೇ ಶೆಡ್ಯೂಲ್ ಬಂತು. ಬಣ್ಣಬಣ್ಣದ ಬಾರ್ ಚಾರ್ಟ್. ಮೇನ್ ಫ್ರೇಮ್ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹಸ್ತಾಂತರ ಮಾತ್ರ ಅದೇ ಮೇ ಮಧ್ಯ. ಒಂದು ತಿಂಗಳು ತಡ, ಆದರೂ ಕೊನೆಯ ದಿನಾಂಕ ಅಲ್ಲಾಡಿಲ್ಲ. ನಮ್ಮ ಎಂಡಿ ನೋಡಿ ಸಮಾಧಾನ ಆದರು. ಶೆಡ್ಯೂಲ್ ಕೆಳಗೆ ಒಂದು ಟಿಪ್ಪಣಿ ಇತ್ತು: ಮೆಟೀರಿಯಲ್ ಕೊಳ್ಳಲು 20 ಪರ್ಸೆಂಟ್ ಹಣ ಈಗಲೇ ಬಿಡುಗಡೆ ಆದರೆ ಮಾತ್ರ ಇದು ಅನ್ವಯ. ಜೊತೆಗೆ ಕಾಲಮ್‌ಗಳ ಫೋಟೋ ಕಳಿಸಿದರು. ಬೂದು ಪ್ರೈಮರ್ ಹೊಡೆದು ಸಾಲಾಗಿ ಮಲಗಿಸಿದ ಕಾಲಮ್‌ಗಳು. “ನೋಡಿ ಸರ್, ನಿಮ್ದೇ.” ಎಂಡಿ ಹಣ ಬಿಡುಗಡೆಗೆ ಸಹಿ ಹಾಕಿದರು.

ಈಗ ಆ ಶೆಡ್ಯೂಲ್ ಒಳಗೆ ಏನಿತ್ತು ಅಂತ ಹೇಳುತ್ತೇನೆ. ಎರೆಕ್ಷನ್ 40 ದಿನ ಇದ್ದದ್ದು 20 ದಿನ ಆಗಿತ್ತು. ಶೀಟಿಂಗ್ 30 ಇದ್ದದ್ದು 20. ಒಟ್ಟು ಉಳಿಕೆ 30 ದಿನ, ತಡವಾದದ್ದಕ್ಕೆ ಸರಿಯಾಗಿ ತಾಳೆ. ಆದರೆ ಕ್ರೇನ್ ಮೊದಲಿನ ಹಾಗೆ ಒಂದೇ. ಎರೆಕ್ಷನ್ ಗ್ಯಾಂಗ್ ಒಂದೇ. ರಾತ್ರಿ ಪಾಳಿ ಇಲ್ಲ. ಅದೇ ಜನ, ಅದೇ ಕ್ರೇನ್, ಅರ್ಧ ದಿನಗಳಲ್ಲಿ ಹೇಗೆ ನಿಲ್ಲಿಸುತ್ತಾರೆ? ಫ್ಯಾಬ್ರಿಕೇಶನ್ ಕೂಡ ಹಾಗೆಯೇ. ಜನವರಿ, ಫೆಬ್ರವರಿ ಎರಡು ತಿಂಗಳಲ್ಲಿ 80 ಟನ್ ಅಂದರೆ ವಾರಕ್ಕೆ 10 ಟನ್. ಅದೇ ಅವರಿಂದ ಆಗಲಿಲ್ಲ. ಈಗ ಮಾರ್ಚ್ ಒಂದೇ ತಿಂಗಳಲ್ಲಿ ಮುಗಿಸುತ್ತೇವೆ ಅಂದರೆ, ಅವರು ಹೇಳಿದ 60 ಪರ್ಸೆಂಟ್ ಸುಳ್ಳಾಗಿದ್ದರೆ, ವಾರಕ್ಕೆ 20 ಟನ್. ಅದೇ ವೆಲ್ಡಿಂಗ್ ಲೈನ್‌ನಲ್ಲಿ. ಇದು ರಿಕವರಿ ಅಲ್ಲ. ಹಿಂದಿನ ತಡವನ್ನು ತಗೊಂಡು ಇನ್ನೂ ಶುರುವಾಗದ ಕೆಲಸಗಳ ಒಳಗೆ ಬಚ್ಚಿಟ್ಟದ್ದು. ಶುರುವಾಗದ ಕೆಲಸ ತಡ ಆಗಿದೆ ಅಂತ ಏಪ್ರಿಲ್‌ವರೆಗೂ ಯಾರಿಗೂ ತೋರಿಸಲು ಆಗುವುದಿಲ್ಲವಲ್ಲ!

60 ಪರ್ಸೆಂಟ್ ಸುಳ್ಳೇ ಆಗಿತ್ತು.

ಅದು ಹೊರಗೆ ಬಂದದ್ದು ಫೋಟೋದಿಂದ. ನಮ್ಮ ಸೈಟ್ ಇಂಜಿನಿಯರ್ ಹುಡುಗ ಒಂದು ಸಂಜೆ ಆ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದ. “ಸರ್, ಈ ಬೇಸ್ ಪ್ಲೇಟ್‌ಗೆ ನಾಲ್ಕೇ ತೂತು ಇದಾವೆ” ಅಂದ. ನಮ್ಮ ಪೆಡೆಸ್ಟಲ್‌ನಲ್ಲಿ ಒಂದೊಂದು ಕಾಲಮ್‌ಗೆ ಎಂಟು ಬೋಲ್ಟ್. ಎಂಟು ಬೋಲ್ಟ್ ಕಾಂಕ್ರೀಟ್‌ನಲ್ಲಿ ನಿಂತಿವೆ, ಕಣ್ಣ ಮುಂದೆ. ಫೋಟೋದಲ್ಲಿ ನಾಲ್ಕು ತೂತು. ಬೇರೆ ಯಾರದೋ ಶೆಡ್‌ನ ಕಾಲಮ್‌ಗೆ ನಮ್ಮದು ಅಂತ ಹೇಳಿ ನಮ್ಮ ಹಣ ತಗೊಂಡಿದ್ದರು. ಆ ಕ್ಷಣ ಮೈಯೆಲ್ಲಾ ಬಿಸಿಯಾಯಿತು. ಎಂಡಿ ರೂಮಿಗೆ ಹೋಗಿ ಇದನ್ನು ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಅಷ್ಟು ವರ್ಷದ ಕೆಲಸದಲ್ಲಿ ಅಂಥ ಅವಮಾನ ಆಗಿರಲಿಲ್ಲ.

ಫೋನ್ ಮಾಡಿ ಕೇಳಿದೆ. ಉತ್ತರ ಏನು ಗೊತ್ತಾ? “ಅಯ್ಯೋ, ಫೋಟೋ ಮಿಕ್ಸ್ ಆಗಿದೆ ಸರ್. ಹುಡುಗರು ತಪ್ಪು ಕಳಿಸಿದಾರೆ.” ಹಾಗಾದರೆ ಸರಿಯಾದದ್ದು ಕಳಿಸಿ ಅಂದೆ. “ನಾಳೆ ಸರ್.” ಮರುದಿನ ಕೇಳಿದರೆ “ಇಯರ್ ಎಂಡಿಂಗ್ ಸರ್, ಎಲ್ಲರೂ ಬಿಲ್ಲಿಂಗ್‌ನಲ್ಲಿದ್ದಾರೆ.” ಆಮೇಲೆ “ಮಿಲ್‌ನಿಂದ ಲೋಡ್ ಹೊರಟಿದೆ ಸರ್.” ಮಿಲ್‌ನಿಂದ ಲೋಡ್ ಈಗ ಹೊರಟಿದ್ದರೆ ಫೆಬ್ರವರಿಯಲ್ಲಿ ಒಣಗುತ್ತಿದ್ದ ಪೇಂಟ್ ಯಾವುದರ ಮೇಲಿತ್ತು? ಇದನ್ನೇ ಕೇಳಿದೆ. ಫೋನ್ ಕಟ್ ಮಾಡಿದರು.

ಆಗ ಎರಡನೇ ಪತ್ರ ಬರೆದೆ. ಇದರಲ್ಲಿ ಬಾರ್ ಚಾರ್ಟ್ ಕೇಳಲಿಲ್ಲ. 13 ಫ್ರೇಮ್‌ಗೂ, ಒಂದೊಂದು ಭಾಗಕ್ಕೆ ಡ್ರಾಯಿಂಗ್‌ನಲ್ಲಿ ಕೊಟ್ಟ ಮಾರ್ಕ್ ನಂಬರ್ ಪ್ರಕಾರ ಪಟ್ಟಿ ಕೇಳಿದೆ: ಯಾವ ಕಾಲಮ್, ಯಾವ ರಾಫ್ಟರ್ ಕಟಿಂಗ್‌ನಲ್ಲಿದೆ, ವೆಲ್ಡಿಂಗ್‌ನಲ್ಲಿದೆ, ಬ್ಲಾಸ್ಟಿಂಗ್‌ನಲ್ಲಿದೆ, ಪೇಂಟ್ ಆಗಿದೆ. ನಮ್ಮ ಆರ್ಡರ್‌ಗೆ ತಂದ ಪ್ಲೇಟ್‌ಗಳ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿದೆ, ಅದರಲ್ಲಿರುವ ಹೀಟ್ ನಂಬರ್, ಅಂದರೆ ಮಿಲ್‌ನಲ್ಲಿ ಆ ಸ್ಟೀಲ್ ಕರಗಿಸಿದ ಬ್ಯಾಚಿನ ನಂಬರ್, ಪ್ಲೇಟ್ ಮೇಲೆ ಹೊಡೆದಿರುವುದನ್ನು ನಮ್ಮವರೇ ಬಂದು ನೋಡುತ್ತಾರೆ ಅಂತ ಬರೆದೆ. ಕಡಿಮೆ ಮಾಡಿದ ಒಂದೊಂದು ದಿನಕ್ಕೂ ಯಾವ ಹೆಚ್ಚುವರಿ ಕ್ರೇನ್, ಎಷ್ಟು ಜನ, ಯಾವ ಪಾಳಿ ಅಂತ ಕೇಳಿದೆ. ಪ್ರತಿ ಶನಿವಾರ ಯಾವ ಫ್ರೇಮ್ ಸೈಟಿಗೆ ಬರುತ್ತದೆ ಅಂತ ಕೇಳಿದೆ.

ಚಾರ್ಟ್ ಏಳೇ ದಿನದಲ್ಲಿ ಕೊಟ್ಟವರು ಈ ಪತ್ರಕ್ಕೆ ಲಿಖಿತ ಉತ್ತರವನ್ನೇ ಕೊಡಲಿಲ್ಲ. ನಮ್ಮವರು ಫ್ಯಾಕ್ಟರಿಗೆ ಹೋದರೆ ನಮ್ಮ ಮಾರ್ಕ್ ನಂಬರ್ ಇರುವ ಕೆಲಸ ಬರೀ ಕಟಿಂಗ್ ಹಂತದಲ್ಲಿತ್ತು. ದಪ್ಪ ಫ್ಲ್ಯಾಂಜ್ ಪ್ಲೇಟ್ ಬಂದೇ ಇರಲಿಲ್ಲ.

ಇನ್ನೊಂದು ಮೋಸ ಇದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಏಪ್ರಿಲ್ ಮಧ್ಯದಲ್ಲಿ ಲಾರಿಗಳು ಬರಲು ಶುರುವಾದವು. ಸಂತೋಷ ಆಯಿತು. ಟಾರ್ಪಾಲ್ ತೆಗೆದರೆ ಒಳಗೆ ಪರ್ಲಿನ್. ಛಾವಣಿ ಶೀಟ್ ಕೆಳಗೆ ಬರುವ ತೆಳು ಪಟ್ಟಿಗಳು. ಕಾಯಿಲ್ ಹಾಕಿದರೆ ಮಷೀನ್‌ನಲ್ಲಿ ಬೇಗ ಬೇಗ ಬರುತ್ತವೆ, ವೆಲ್ಡಿಂಗ್ ಇಲ್ಲ, ಪೇಂಟ್ ಇಲ್ಲ. ಕಾಲಮ್ ನಿಲ್ಲದೆ, ರಾಫ್ಟರ್ ಏರದೆ ಪರ್ಲಿನ್ ತಗೊಂಡು ಏನು ಮಾಡುವುದು? ಮನೆಗೆ ಗೋಡೆ ಏಳುವ ಮೊದಲೇ ಹೆಂಚು ತಂದು ಸುರಿದ ಹಾಗೆ. ಆದರೆ ಅವರ ವಾರದ ವರದಿಯಲ್ಲಿ ಟನ್ ಲೆಕ್ಕ ಏರುತ್ತಿತ್ತು. ಬಿಲ್ ಕೂಡ ಡಿಸ್ಪ್ಯಾಚ್ ಆದ ಟನ್ ಮೇಲೆ. ಕೇಳಿದರೆ “ಡಿಸ್ಪ್ಯಾಚ್ ಆಗ್ತಾ ಇದೆಯಲ್ಲ ಸರ್, ನೀವೇ ನೋಡ್ತಿದ್ದೀರಲ್ಲ” ಅಂದರು.

ಎರೆಕ್ಷನ್ ಗೊತ್ತಿರುವ ಯಾರಿಗೇ ಆಗಲಿ ಗೊತ್ತು, ಮೊದಲು ಬೇಕಾದದ್ದು ನಡುವೆ ಬ್ರೇಸಿಂಗ್, ಅಂದರೆ ಫ್ರೇಮ್ ಅಲ್ಲಾಡದ ಹಾಗೆ ಓರೆಯಾಗಿ ಕಟ್ಟುವ ಸರಳುಗಳು, ಬರುವ ಅಕ್ಕಪಕ್ಕದ ಎರಡು ಫ್ರೇಮ್. ಅವು ನಿಂತು, ಬ್ರೇಸಿಂಗ್ ಕಟ್ಟಿ ಗಟ್ಟಿಯಾದ ಮೇಲೇ ಉಳಿದ ಫ್ರೇಮ್‌ಗಳನ್ನು ಅದಕ್ಕೆ ಆತುಕೊಂಡು ನಿಲ್ಲಿಸುವುದು. ನಮಗೆ ಮೊದಲು ಬಂದ ಮೇನ್ ಫ್ರೇಮ್ ಸಾಮಾನು ಯಾವುದು? ಇನ್ನೊಂದು ತುದಿಯ ರಾಫ್ಟರ್‌ಗಳು. ಕಾಲಮ್ ಇಲ್ಲದೆ. ಬಾಡಿಗೆ ಕ್ರೇನ್ ಸುಮ್ನೆ ನಿಂತಿತ್ತು.

ಶೀಟಿಂಗ್ ಮುಗಿದದ್ದು ಜುಲೈನಲ್ಲಿ, ಮಳೆಯ ನಡುವೆ. ಫೌಂಡೇಶನ್ ಗುಂಡಿಗಳಲ್ಲಿ ನೀರು. ಮಷೀನ್‌ಗಳು ಪ್ಯಾಕಿಂಗ್ ಬಿಚ್ಚದೆ ಬಾಡಿಗೆ ಗೋಡೌನ್‌ನಲ್ಲಿ.

ಫೈನಲ್ ಬಿಲ್‌ನಲ್ಲಿ ಆರ್ಡರ್ ಪ್ರಕಾರ ಎಲ್‌ಡಿ ಹಿಡಿದೆವು. ಆಗ ಅವರ ಕಡೆಯ ದೊಡ್ಡವರು ಮೊದಲ ಸಲ ಮೀಟಿಂಗ್‌ಗೆ ಬಂದರು. ಆ ಬಾರ್ ಚಾರ್ಟನ್ನು ಮೇಜಿನ ಮೇಲೆ ಇಟ್ಟು ಹೇಳಿದರು: “ಸರ್, ಫೆಬ್ರವರಿ 28 ಈಗ ಎಲ್ಲಿದೆ? ನೀವೇ ಹೊಸ ಶೆಡ್ಯೂಲ್ ಕೇಳಿದ್ರಿ, ನಾವು ಕೊಟ್ಟೆವು, ನೀವು ಅದರ ಮೇಲೆ ಪೇಮೆಂಟ್ ಮಾಡಿದ್ರಿ. ಹಳೇ ಡೇಟ್ ಹೋಯ್ತು.” ನಮ್ಮ ಪತ್ರವನ್ನೇ ನಮ್ಮ ಮೇಲೆ ತಿರುಗಿಸಿದರು! ತಡ ಮಾಡಿದವರು ಅವರು, ಗಡುವು ಬಿಟ್ಟುಕೊಟ್ಟವರು ನಾವಂತೆ.

ವಕೀಲರ ಹತ್ತಿರ ಹೋದೆವು. ಅವರು 1872ರ ಭಾರತೀಯ ಒಪ್ಪಂದ ಕಾಯ್ದೆಯ 55ನೇ ಸೆಕ್ಷನ್ ತೆಗೆದು ಓದಿಸಿದರು. ಸಮಯ ಮುಖ್ಯ ಅಂತ ಇರುವ ಒಪ್ಪಂದದಲ್ಲಿ ಹೇಳಿದ ದಿನ ತಪ್ಪಿಸಿದವರಿಂದ ಆಮೇಲೆ ಯಾವತ್ತೋ ಕೆಲಸ ಒಪ್ಪಿಕೊಂಡರೆ, ಆ ತಡದಿಂದ ಆದ ನಷ್ಟಕ್ಕೆ ಪರಿಹಾರ ಕೇಳಲು ಆಗುವುದಿಲ್ಲ. ಪರಿಹಾರ ಕೇಳುತ್ತೇವೆ ಅಂತ ಒಪ್ಪಿಕೊಳ್ಳುವ ಹೊತ್ತಿನಲ್ಲೇ ತಿಳಿಸಿದ್ದರೆ ಮಾತ್ರ ಕೇಳಬಹುದು. ಮೊದಲ ಪತ್ರದ ಆ ಕೊನೆಯ ಎರಡು ವಾಕ್ಯ ಮತ್ತು ಸಾಮಾನು ರಸೀದಿಗಳ ಮೇಲಿನ ಬರಹ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಈಗ ಹೇಳಿಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ. ಲಾರಿಗಳು ಬರುವಾಗ ಪ್ರತಿ ಸಾಮಾನು ರಸೀದಿಯಲ್ಲೂ ‘ತಡವಾಗಿ ಬಂದಿದೆ, ಎಲ್‌ಡಿ ಹಕ್ಕು ಕಾಯ್ದಿರಿಸಿದೆ’ ಅಂತ ನಮ್ಮ ಸ್ಟೋರ್ಸ್‌ನವರು ಬರೆಸಿದ್ದರು. ವಕೀಲರು ಅದನ್ನು ಮೊದಲು ಕೇಳಿದರು.

ಹಾಗಾಗಿ ರಿಕವರಿ ಶೆಡ್ಯೂಲ್ ಕೇಳುವ ಪತ್ರದಲ್ಲಿ ಆ ಸಾಲು ಇರಲೇಬೇಕು. ಶೆಡ್ಯೂಲ್ ಬಂದ ಮೇಲೂ, ಹಣ ಬಿಡುವಾಗಲೂ, ಸಾಮಾನು ಇಳಿಸಿಕೊಳ್ಳುವಾಗಲೂ ಅದೇ ಸಾಲು ಮತ್ತೆ ಬರೆಯಿರಿ. ಬೇಜಾರು ಮಾಡಿಕೊಳ್ಳಬೇಡಿ, ಬರೆಯಿರಿ. ಮೈಲಿಗಲ್ಲನ್ನು ಟನ್‌ನಲ್ಲಿ ಬರೆಸಬೇಡಿ, ಫ್ರೇಮ್ ನಂಬರ್ ಹಾಕಿ, ಕಾಲಮ್, ರಾಫ್ಟರ್, ಬ್ರೇಸಿಂಗ್, ಬೋಲ್ಟ್ ಎಲ್ಲಾ ಸೇರಿ ಅಂತ ಬರೆಸಿ. ಫೋಟೋ ಬಂದರೆ ಮಾರ್ಕ್ ನಂಬರ್ ಕಾಣುವ ಹಾಗೆ ಇರಲಿ, ಬೇಸ್ ಪ್ಲೇಟ್ ತೂತು ಎಣಿಸಿ. ಶೆಡ್ಯೂಲ್‌ಗೆ ಹಣದ ಷರತ್ತು ಅಂಟಿಸಿದ್ದರೆ, ಫ್ಯಾಕ್ಟರಿಗೆ ಹೋಗಿ ಪ್ಲೇಟ್ ಮೇಲಿನ ಹೀಟ್ ನಂಬರ್ ನೋಡುವವರೆಗೆ ಒಂದು ರೂಪಾಯಿ ಬಿಡಬೇಡಿ.

ನಮ್ಮ ವಿಷಯ ಇನ್ನೂ ನಡೀತಿದೆ. ಹಿಡಿದ ಎಲ್‌ಡಿ ಬಿಡಿ ಅಂತ ಅವರು ಪತ್ರದ ಮೇಲೆ ಪತ್ರ ಬರೆಯುತ್ತಿದ್ದಾರೆ. ಒಂದು ಪತ್ರದಲ್ಲೂ ಆ ನಾಲ್ಕು ತೂತಿನ ಕಾಲಮ್ ಯಾರದ್ದು ಅಂತ ಹೇಳಿಲ್ಲ. ನಾವು ಪ್ರತಿ ಉತ್ತರದಲ್ಲೂ ಕೇಳುತ್ತಿದ್ದೇವೆ. ಎಲ್‌ಡಿಯಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ.