ಅರ್ಜಿ ಹೋಯ್ತಾ, ಇಲ್ವಾ? ಒಂದು ಕರಿಯರ್ ಪೋರ್ಟಲ್ ಜೊತೆ ಏಳು ತಿಂಗಳು

ನಾನು ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ 11 ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಈಗ ಇನ್‌ಸ್ಟ್ರಕ್ಷನಲ್ ಡಿಸೈನ್ ಕಡೆಗೆ ಹೋಗಬೇಕು ಅಂತ ತೀರ್ಮಾನಿಸಿದ್ದೇನೆ. ಅಂದರೆ ಆನ್‌ಲೈನ್ ಪಾಠಗಳನ್ನು ಯೋಜಿಸಿ, ಬರೆದು, ಕಟ್ಟುವ ಕೆಲಸ. ಬೆಂಗಳೂರಿನ ಒಂದು ದೊಡ್ಡ ಕಂಪನಿ ಇಂಥವರನ್ನು ಆಗಾಗ ತೆಗೆದುಕೊಳ್ಳುತ್ತದೆ. ಅವರ ಕರಿಯರ್ ಪೋರ್ಟಲ್ಲನ್ನು ಜೂನ್‌ನಿಂದ ಬಳಸುತ್ತಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಡ. ಇಂಥ ಪೋರ್ಟಲ್‌ಗಳು ನೋಡುವುದಕ್ಕೆ ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಹಾಗಾಗಿ ಬಟನ್ ಎಲ್ಲಿದೆ, ಬಣ್ಣ ಯಾವುದು ಅನ್ನೋದನ್ನೆಲ್ಲ ಬಿಟ್ಟು, ನನ್ನನ್ನು ಕಾಡಿದ ಒಂದೇ ವಿಷಯ ಹೇಳುತ್ತೇನೆ. ಮೊದಲ ಅರ್ಜಿ ಕಳಿಸಿದ ಮೇಲೆ "ನಿಮ್ಮ ಅರ್ಜಿ ಬಂತು" ಅನ್ನುವ ಒಂದು ಸಾಲು ನನಗೆ ಬರಲೇ ಇಲ್ಲ.

ಮೊದಲ ಅರ್ಜಿ ಹಾಕಿದ್ದು ಒಂದು ಭಾನುವಾರ ರಾತ್ರಿ. ಮಗಳು ಮಲಗಿದ ಮೇಲೆ, ಅಡುಗೆಮನೆ ಕಟ್ಟೆ ಒರೆಸಿ, ಅರ್ಧ ಲೋಟ ಕಾಫಿ ಇಟ್ಟುಕೊಂಡು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆಯೋದು ನನ್ನ ಅಭ್ಯಾಸ. ಪಕ್ಕದಲ್ಲಿ ಹಳೆಯ ಹಾಜರಿ ಪುಸ್ತಕ ಒಂದು ಇರುತ್ತದೆ. ಶಾಲೆಯಲ್ಲಿ ಉಳಿದಿದ್ದ ಖಾಲಿ ಪುಸ್ತಕ. ಮಕ್ಕಳ ಹೆಸರು ಬರೆಯುವ ಜಾಗದಲ್ಲಿ ಹುದ್ದೆಯ ಹೆಸರು, ಪಕ್ಕದಲ್ಲಿ ಆ ಹುದ್ದೆಯ ನಂಬರ್, ಅರ್ಜಿ ಹಾಕಿದ ತಾರೀಖು, ಆಮೇಲೆ "ಮೇಲ್" ಅಂತ ಒಂದು ಕಾಲಂ. ಆ ರಾತ್ರಿ ಎಲ್ಲವನ್ನೂ ತುಂಬಿದೆ. ಮೇಲ್ ಕಾಲಂ ಮಾತ್ರ ಖಾಲಿ ಉಳಿಯಿತು.

ಒಂದು ದಿನ ಕಾದೆ. ಒಂದು ವಾರ ಕಾದೆ. ಬೆಳಿಗ್ಗೆ ಶಾಲೆ ಬಸ್ಸಿನಲ್ಲಿ ಕೂತ ತಕ್ಷಣ ಫೋನ್ ತೆಗೆದು ನೋಡುತ್ತಿದ್ದೆ. 18 ದಿನ ಹೀಗೇ ಹೋಯಿತು. ನನ್ನ ಮನಸ್ಸಿಗೆ ಬಂದ ಉತ್ತರ ಒಂದೇ, "ಟೀಚರ್ ಅಲ್ವಾ, ಬೇಡ ಅಂದಿರಬೇಕು." ಕೆಲಸ ಬದಲಿಸಲು ಹೊರಟವರಿಗೆ ಈ ಯೋಚನೆ ಬಹಳ ಬೇಗ ಬರುತ್ತದೆ. ಅದು ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೇಲ್ ಬರಲಿಲ್ಲ ಅಂದರೆ ಅರ್ಜಿ ಹೋಗಿಯೇ ಇಲ್ಲದಿರಬಹುದು. ಹೋಗಿದ್ದು, ಮೇಲ್ ಬೇರೆ ಕಡೆ ಸೇರಿರಬಹುದು. ಇಲ್ಲವೇ ಆ ಕಂಪನಿ ಮೇಲ್ ಕಳಿಸುವ ವ್ಯವಸ್ಥೆಯನ್ನೇ ಇಟ್ಟುಕೊಂಡಿಲ್ಲದಿರಬಹುದು. ಬೇಡ ಅನ್ನೋದಕ್ಕೂ ಇವುಗಳಿಗೂ ಸಂಬಂಧವೇ ಇಲ್ಲ.

ಇದರಲ್ಲಿ ಯಾವುದು ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಅದನ್ನು ನನಗೆ ಹೇಳಿಕೊಟ್ಟಿದ್ದು ನನ್ನ ತಮ್ಮ. "ಅಕ್ಕಾ, ಅದೇ ಹುದ್ದೆಗೆ ಇನ್ನೊಂದು ಸಲ ಅಪ್ಲೈ ಒತ್ತಿ ನೋಡು" ಅಂದ. ಲಾಗಿನ್ ಆಗಿ, ಅದೇ ಹುದ್ದೆಯ ಪುಟ ತೆರೆದು, `Apply` ಒತ್ತಬೇಕು. ಈಗಾಗಲೇ ಅರ್ಜಿ ಹಾಕಿದ್ದೀರಿ ಅಂತ ತೋರಿಸಿದರೆ ಅರ್ಜಿ ಅವರ ಹತ್ತಿರ ಇದೆ. ಬದಲಿಗೆ ನೀವು ಅರ್ಧ ತುಂಬಿದ್ದ ಫಾರ್ಮೇ ಮತ್ತೆ ತೆರೆದುಕೊಂಡರೆ ಅದು ಇನ್ನೂ ಹೋಗಿಲ್ಲ, ಡ್ರಾಫ್ಟ್ ಆಗಿ ಕೂತಿದೆ. ತಮ್ಮನಿಗೇ ಒಂದು ಸಲ ಹಾಗೆ ಆಗಿತ್ತಂತೆ. ಕೊನೆಯ ಪುಟದಲ್ಲಿ ತುಂಬಿದ್ದನ್ನೆಲ್ಲ ಒಮ್ಮೆ ತೋರಿಸುತ್ತದೆ, ನೋಡಿದವರಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಆದರೆ `Submit` ಬಟನ್ ಆ ಪುಟದ ತಳದಲ್ಲಿ ಇರುತ್ತದೆ. ಫೋನಿನಲ್ಲಿ ತುಂಬುವವರು ಅಲ್ಲಿಯ ತನಕ ಸರಿಸದೆ ಮುಚ್ಚಿಬಿಡುತ್ತಾರೆ.

ನನಗೆ ಈಗಾಗಲೇ ಹಾಕಿದ್ದೀರಿ ಅಂತಲೇ ಬಂತು. ಅಂದರೆ ಅರ್ಜಿ ಹೋಗಿದೆ. ಹಾಗಾದರೆ ಮೇಲ್ ಎಲ್ಲಿ? ಜಿಮೇಲ್‌ನಲ್ಲಿ ಬರೀ ಕಂಪನಿಯ ಹೆಸರು ಹಾಕಿ ಹುಡುಕಿದರೆ ಸಾಲದು. ಮಾಮೂಲಿ ಹುಡುಕಾಟ ಸ್ಪ್ಯಾಮ್ ಮತ್ತು ಟ್ರ್ಯಾಶ್ ಒಳಗೆ ನೋಡುವುದಿಲ್ಲ. ಜೊತೆಗೆ ಇಂಥ ಮೇಲ್ ಎಷ್ಟೋ ಸಲ ಕಂಪನಿಯ ವಿಳಾಸದಿಂದ ಬರದೆ, ಪೋರ್ಟಲ್ ನಡೆಸುವ ಸಾಫ್ಟ್‌ವೇರಿನ ವಿಳಾಸದಿಂದ ಬರುತ್ತದೆ. ಉದಾಹರಣೆಗೆ ವರ್ಕ್‌ಡೇ ಅನ್ನುವ ಸಾಫ್ಟ್‌ವೇರ್ ಬಳಸುವ ಕಡೆಯಿಂದ ಬರುವ ಮೇಲ್ ವಿಳಾಸದ ಕೊನೆಗೆ ಸಾಮಾನ್ಯವಾಗಿ `myworkday.com` ಅಂತ ಇರುತ್ತದೆ. ಇನ್ನು ಎಷ್ಟೋ ವಿಳಾಸಗಳಲ್ಲಿ `noreply` ಅಂತ ಇರುತ್ತದೆ. ಹಾಗಾಗಿ ಹೀಗೆ ಹುಡುಕಿದೆ:

```
in:anywhere from:noreply newer_than:30d
```

`in:anywhere` ಅಂದರೆ ಸ್ಪ್ಯಾಮ್, ಟ್ರ್ಯಾಶ್ ಸೇರಿ ಎಲ್ಲ ಕಡೆ ಹುಡುಕು ಅಂತ. `noreply` ಜಾಗದಲ್ಲಿ `no-reply`, `myworkday.com` ಹಾಕಿಯೂ ನೋಡಿದೆ. ಜಿಮೇಲ್ ಸ್ಪ್ಯಾಮ್ ಅನ್ನು 30 ದಿನಕ್ಕೆ ತಾನೇ ಅಳಿಸುತ್ತದೆ, ಆದ್ದರಿಂದ ಇದನ್ನು ತಿಂಗಳೊಳಗೆ ಮಾಡಬೇಕು. ನನಗೆ ಏನೂ ಸಿಗಲಿಲ್ಲ.

ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಹೇಳಿದರು, "ಮೇಡಂ, ಹೋದ ತಿಂಗಳು ಶಾಲೆ ಮೇಲ್‌ಗೆ ನಿಮ್ಮ ಹೆಸರಿನಲ್ಲಿ ಯಾವುದೋ ಕಂಪನಿಯಿಂದ ಒಂದು ಮೇಲ್ ಬಂದಿತ್ತು. ಹೆಡ್‌ಮಾಸ್ಟರ್ ನೋಡಿಲ್ಲ. ನಾನು ಬೇರೆ ಫೋಲ್ಡರಿಗೆ ಹಾಕಿಟ್ಟಿದೀನಿ."

ನನ್ನ ಕೈಕಾಲು ತಣ್ಣಗಾಯಿತು. ಸಂಜೆ ಮನೆಗೆ ಬಂದವಳೇ ಪೋರ್ಟಲ್‌ನಲ್ಲಿ ನನ್ನ ಪ್ರೊಫೈಲ್ ತೆರೆದೆ. ಲಾಗಿನ್ ಆಗುವ ವಿಳಾಸ ನನ್ನದೇ. ಆದರೆ ಕೆಳಗೆ ಸಂಪರ್ಕದ ಇಮೇಲ್ ಅಂತ ಇನ್ನೊಂದು ಖಾನೆ ಇತ್ತು. ಅದರಲ್ಲಿ ಶಾಲೆಯ ಇಮೇಲ್ ಕೂತಿತ್ತು. ನಾನು ಹಾಕಿದ್ದಲ್ಲ. ರೆಸ್ಯೂಮೆ ಅಪ್‌ಲೋಡ್ ಮಾಡಿದಾಗ ಪೋರ್ಟಲ್ ಅದನ್ನು ಓದಿ ಖಾನೆಗಳನ್ನು ತಾನೇ ತುಂಬುತ್ತದೆ. ನನ್ನ ರೆಸ್ಯೂಮೆ ಎರಡು ಕಾಲಂನ ಚಂದದ ವಿನ್ಯಾಸ, ನನ್ನ ಇಮೇಲ್ ಮೇಲಿನ ಬಣ್ಣದ ಪಟ್ಟಿಯೊಳಗಿತ್ತು. ಆ ಪಟ್ಟಿ ಒಂದು ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಅದು ಓದಲಿಲ್ಲ. ಅದಕ್ಕೆ ಸಿಕ್ಕ ಒಂದೇ ಇಮೇಲ್ ಅಂದರೆ ಕೊನೆಯಲ್ಲಿ ರೆಫರೆನ್ಸ್ ಕೆಳಗೆ ಬರೆದಿದ್ದ ಶಾಲೆಯದು.

ಇದನ್ನು ನೀವೂ ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ರೆಸ್ಯೂಮೆಯ ಪಿಡಿಎಫ್ ತೆರೆದು, ಪೂರ್ತಿ ಆಯ್ಕೆ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಪೋರ್ಟಲ್‌ಗೂ ಸುಮಾರಾಗಿ ಅಷ್ಟೇ ಕಾಣಿಸೋದು. ನಾನು ಅಂಟಿಸಿದಾಗ ನನ್ನ ಹೆಸರು, ಫೋನು, ಇಮೇಲ್ ಮೂರೂ ಕಾಣಲಿಲ್ಲ. ಎಡಗಡೆ ಕಾಲಂನ ಬಿ.ಎಡ್. ಬಂದು ಬಲಗಡೆ ಕಾಲಂನ ಶಾಲೆಯ ಹೆಸರಿನ ಮಧ್ಯೆ ಸೇರಿಕೊಂಡಿತ್ತು. ಅವತ್ತೇ ಒಂದೇ ಕಾಲಂನಲ್ಲಿ ಹೊಸದಾಗಿ ಬರೆದೆ. ರೆಫರೆನ್ಸ್ ತೆಗೆದುಹಾಕಿದೆ. ಈಗಿನ ಕೆಲಸದಲ್ಲಿ ಇದ್ದುಕೊಂಡೇ ಬೇರೆ ಹುಡುಕುವವರು ಆಫೀಸಿನ ಇಮೇಲ್ ರೆಸ್ಯೂಮೆಯಲ್ಲಿ ಎಲ್ಲಿಯೂ ಇಡಬಾರದು ಅಂತ ಆ ಗುಮಾಸ್ತರ ಮುಖ ನೆನೆಸಿಕೊಂಡು ಹೇಳುತ್ತಿದ್ದೇನೆ. ಅವರ ಜಾಗದಲ್ಲಿ ಬೇರೆಯವರಿದ್ದರೆ ನನ್ನ ಕಥೆ ಬೇರೆ ಆಗುತ್ತಿತ್ತು.

ಪೋರ್ಟಲ್ ಮೇಲೆ ನನ್ನ ಸಿಟ್ಟು ಇಲ್ಲೇ ಇದೆ. ತಾನೇ ತುಂಬಿದ ಇಮೇಲ್‌ಗೆ ಮೊದಲು ಒಂದು ಓಟಿಪಿ ಕಳಿಸಿ ಖಾತ್ರಿ ಮಾಡಿಕೊಳ್ಳಬಹುದಿತ್ತು. ಇಲ್ಲವೇ ಸಬ್ಮಿಟ್ ಆದ ಮೇಲೆ, ಇಂಥ ವಿಳಾಸಕ್ಕೆ ಮೇಲ್ ಕಳಿಸಿದ್ದೇವೆ ಅಂತ ಪರದೆಯ ಮೇಲೆ ತೋರಿಸಬಹುದಿತ್ತು. ಎರಡೂ ಇಲ್ಲ. ಆ ಹೊತ್ತಿಗೆ ಆ ಹುದ್ದೆ ಮುಚ್ಚಿತ್ತು.

ಎರಡನೇ ಅರ್ಜಿ ಸೆಪ್ಟೆಂಬರಿನಲ್ಲಿ. ಈ ಸಲ ಸ್ವೀಕೃತಿ ಮೇಲ್ ಬಂತು. ಆಮೇಲೆ ಮತ್ತೆ ಮೌನ. ಸ್ಟೇಟಸ್ ಮಾತ್ರ ಪರಿಶೀಲನೆಯಲ್ಲಿದೆ ಅಂತ ನಿಂತುಬಿಟ್ಟಿತು. ಹುದ್ದೆ ಇನ್ನೂ ತೆರೆದಿದೆಯಾ ಅಂತ ದಿನಾ ರಾತ್ರಿ ನೋಡುತ್ತಿದ್ದೆ, ತೆರೆದೇ ಇತ್ತು. ಒಂಬತ್ತು ಕೆಲಸದ ದಿನ ಕಾದು ನಾನೇ ವಿಚಾರಿಸಿದೆ. ನೋ-ರಿಪ್ಲೈ ವಿಳಾಸಕ್ಕೆ ಉತ್ತರ ಬರೆದು ಪ್ರಯೋಜನ ಇಲ್ಲ, ಅದನ್ನು ಯಾರೂ ಓದುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಪುಟಕ್ಕೆ ಹೋಗಿ, ಅಲ್ಲಿನ ನೌಕರರಲ್ಲಿ "ಟ್ಯಾಲೆಂಟ್ ಅಕ್ವಿಸಿಷನ್", ಅಂದರೆ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು, ಅಂತ ಹುಡುಕಿದೆ. ಸುಮಾರು ಜನ ಬಂದರು. ಎಲ್ಲರಿಗೂ ಕಳಿಸಲಿಲ್ಲ. ಒಬ್ಬರು ಅದೇ ವಾರ ಇದೇ ಹುದ್ದೆಯ ಬಗ್ಗೆ ಪೋಸ್ಟ್ ಹಾಕಿದ್ದರು, ಅವರೊಬ್ಬರಿಗೇ ಬರೆದೆ.

ಕನೆಕ್ಷನ್ ಕೇಳುವಾಗ ಬರೆಯುವ ಟಿಪ್ಪಣಿಗೆ ಜಾಗ ಬಹಳ ಕಡಿಮೆ. ಹಾಗಾಗಿ ನಾಲ್ಕೇ ಸಂಗತಿ ಹಾಕಿದೆ. ಹುದ್ದೆಯ ನಂಬರ್, ಅರ್ಜಿ ಹಾಕಿದ ತಾರೀಖು, ನಾನು 11 ವರ್ಷ ವಿಜ್ಞಾನ ಕಲಿಸಿದವಳು, ಓಮ್‌ನ ನಿಯಮದ ಮೇಲೆ ನಾನು ಮಾಡಿದ ಆನ್‌ಲೈನ್ ಪಾಠದ ಲಿಂಕ್. ಕೊನೆಗೆ ಒಂದು ಪ್ರಶ್ನೆ, "ನನ್ನ ಅರ್ಜಿ ನಿಮ್ಮ ಪಟ್ಟಿಯಲ್ಲಿ ಕಾಣುತ್ತಿದೆಯಾ?" ದಯವಿಟ್ಟು ಪರಿಗಣಿಸಿ ಅಂತ ಬರೆಯಲಿಲ್ಲ. ಪರಿಗಣಿಸಿ ಅಂದರೆ ಅವರು ಯೋಚಿಸಬೇಕು. ಕಾಣುತ್ತಿದೆಯಾ ಅಂದರೆ ನಂಬರ್ ಹಾಕಿ ನೋಡಿದರೆ ಸಾಕು.

ಎರಡು ದಿನಕ್ಕೆ ಉತ್ತರ ಬಂತು. ಅರ್ಜಿ ಇದೆ, ಆದರೆ ಅವರ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲವಂತೆ. ಫಾರ್ಮಿನಲ್ಲಿ "ಕಲಿಕಾ ಸಾಮಗ್ರಿ ತಯಾರಿಸಿದ ಅನುಭವ ಎಷ್ಟು ವರ್ಷ" ಅಂತ ಒಂದು ಪ್ರಶ್ನೆ ಇತ್ತು. ನಾನು ಪ್ರಾಮಾಣಿಕವಾಗಿ 0 ಹಾಕಿದ್ದೆ, ಕಂಪನಿಯಲ್ಲಿ ಯಾವತ್ತೂ ಮಾಡಿಲ್ಲವಲ್ಲ ಅಂತ. ಅವರು 2 ವರ್ಷಕ್ಕಿಂತ ಕಡಿಮೆ ಇರುವವರನ್ನು ಬೇರೆ ಮಾಡುವ ಹಾಗೆ ಫಿಲ್ಟರ್ ಇಟ್ಟಿದ್ದರು. ನಾನು ಕೇಳಿದೆ, ಐದು ವರ್ಷದಿಂದ ಎಂಟು ಮತ್ತು ಒಂಬತ್ತನೇ ತರಗತಿಗೆ ವರ್ಕ್‌ಶೀಟು, ಪ್ರಯೋಗದ ಟಿಪ್ಪಣಿ, ವಿಡಿಯೋ ಪಾಠಗಳನ್ನು ನಾನೇ ಮಾಡಿದ್ದೇನೆ, ಅದು ಲೆಕ್ಕಕ್ಕೆ ಬರುತ್ತದಾ? "ಖಂಡಿತ ಬರುತ್ತೆ ಮೇಡಂ. ಅದನ್ನು ರೆಸ್ಯೂಮೆಯಲ್ಲೂ ಬರೆಯಿರಿ" ಅಂದರು.

ಸಬ್ಮಿಟ್ ಆದ ಅರ್ಜಿಯನ್ನು ಈ ಪೋರ್ಟಲ್‌ನಲ್ಲಿ ತಿದ್ದಲು ಆಗುವುದಿಲ್ಲ. `Withdraw` ಒತ್ತಿ ಮತ್ತೆ ಹಾಕೋಣ ಅಂದುಕೊಂಡೆ, ಒತ್ತುವ ಮುಂಚೆ ಅವರನ್ನೇ ಕೇಳಿದ್ದು ಒಳ್ಳೆಯದಾಯಿತು. ವಾಪಸ್ ತೆಗೆದರೆ ಅದೇ ಹುದ್ದೆಗೆ ಮತ್ತೆ ಹಾಕಲು ಇಲ್ಲಿ ಬಿಡುವುದಿಲ್ಲವಂತೆ. ಅವರೇ ನನ್ನ ಅರ್ಜಿಯನ್ನು ಕೈಯಿಂದ ಪಟ್ಟಿಗೆ ಸೇರಿಸಿದರು. ಒಂದು ಸ್ಟೋರಿಬೋರ್ಡ್, ಅಂದರೆ ಪಾಠದ ಒಂದೊಂದು ಪರದೆಯಲ್ಲಿ ಏನು ಬರಬೇಕು ಅನ್ನುವ ನಕ್ಷೆ, ಮಾಡಲು ಕೊಟ್ಟರು, ಒಂದು ಇಂಟರ್‌ವ್ಯೂ ಆಯಿತು. ಕೆಲಸ ಸಿಗಲಿಲ್ಲ. ಅವರಿಗೆ 30 ದಿನದಲ್ಲಿ ಸೇರುವವರು ಬೇಕಿತ್ತು. ನನ್ನ ಹತ್ತನೇ ತರಗತಿ ಮಕ್ಕಳನ್ನು ಪರೀಕ್ಷೆಗೆ ಮುಂಚೆ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಆದರೆ ಬೇಡ ಅಂದಿದ್ದು ಒಬ್ಬ ಮನುಷ್ಯರು, ಕಾರಣ ಹೇಳಿ. ಜೂನ್‌ನ ಆ 18 ದಿನಕ್ಕೆ ಹೋಲಿಸಿದರೆ ಇದು ನನಗೆ ಎಷ್ಟೋ ಹಗುರ.

ಅದಕ್ಕೇ ಪೋರ್ಟಲ್‌ಗೆ 5ಕ್ಕೆ 2 ಕೊಡುತ್ತೇನೆ, ಅದರ ಹಿಂದೆ ಕೂತಿದ್ದ ಆ ರಿಕ್ರೂಟರ್‌ಗೆ ಪೂರ್ತಿ 5. ಅರ್ಜಿ ಬೇಗ ಮೇಲೆ ಬರುವಂತೆ ಮಾಡುತ್ತೇವೆ ಅಂತ ಒಂದು ಸಂಸ್ಥೆ ನನ್ನಿಂದ ದುಡ್ಡು ಕೇಳಿತ್ತು. ಟೀಚರ್ ಸಂಬಳದಲ್ಲಿ ಅದು ಆಗುತ್ತಿರಲಿಲ್ಲ, ಬೇಕಾಗಲೂ ಇಲ್ಲ.

ಮೊನ್ನೆ ಭಾನುವಾರ ಮೂರನೇ ಅರ್ಜಿ ಹಾಕಿದೆ. ಏಪ್ರಿಲ್ ನಂತರ ಸೇರಬಹುದು ಅಂತ ಮೊದಲೇ ಬರೆದಿದ್ದೇನೆ. ಅನುಭವದ ಖಾನೆಯಲ್ಲಿ 5 ಹಾಕಿ, ಸಂಪರ್ಕದ ಇಮೇಲ್ ಎರಡು ಸಲ ಓದಿ, ತಳದ ತನಕ ಸರಿಸಿ ಸಬ್ಮಿಟ್ ಒತ್ತಿದೆ. ಕಾಫಿ ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಫೋನ್ ಸದ್ದಾಯಿತು. ಹಾಜರಿ ಪುಸ್ತಕದ ಮೇಲ್ ಕಾಲಂನಲ್ಲಿ "ಹಾ" ಅಂತ ಬರೆದೆ.